4ಕೆ ಮದುವೆ ವಿಡಿಯೋ, ಹಳೇ ಲ್ಯಾಪ್‌ಟಾಪ್: ಪ್ರಾಕ್ಸಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಮದುವೆ, ಗೃಹಪ್ರವೇಶ, ನಾಮಕರಣ ಶೂಟ್ ಮಾಡಿ ಮನೆಯಲ್ಲೇ ಕೂತು ಎಡಿಟ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಕ್ಯಾಮೆರಾ ಹೊಸದು, ಲ್ಯಾಪ್‌ಟಾಪ್ ಹಳೇದು. ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಇಟ್ಟಿದ್ದೇನೆ.

ಮಾತು ಗಾಳಿಯಲ್ಲಿ ತೇಲಬಾರದು ಅಂತ ಒಂದೇ ಉದಾಹರಣೆ ಹಿಡಿದು ಹೋಗೋಣ. ಬಸವನಗುಡಿಯ ಒಂದು ಛತ್ರದಲ್ಲಿ ಮದುವೆ. ಎರಡು ಸೋನಿ ಕ್ಯಾಮೆರಾ. ಎರಡರಲ್ಲೂ 4ಕೆ, ಸೆಕೆಂಡಿಗೆ 25 ಫ್ರೇಮ್, 100 ಎಂಬಿಪಿಎಸ್ ರೆಕಾರ್ಡಿಂಗ್. ಒಟ್ಟು ಮೂರು ಗಂಟೆ ಫುಟೇಜ್. ಲ್ಯಾಪ್‌ಟಾಪ್ ಎಂಟನೇ ಜನರೇಷನ್ ಐ5, 16 ಜಿಬಿ ರ್‍ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ವಿಂಡೋಸ್ ಮೇಲೆ ಡಾವಿಂಚಿ ರಿಸಾಲ್ವ್‌ನ ಫ್ರೀ ವರ್ಷನ್. ಮೆನು ಹೆಸರುಗಳನ್ನು ಸ್ಕ್ರೀನ್ ಮೇಲೆ ಕಾಣುವ ಹಾಗೇ ಬರೆದಿದ್ದೇನೆ.

ಪ್ರಾಕ್ಸಿ ಫೈಲ್ ಅಂದರೆ ಏನು?

ಒರಿಜಿನಲ್ ಕ್ಲಿಪ್‌ನ ಹಗುರವಾದ ನಕಲು. ಅದೇ ಉದ್ದ, ಅದೇ ಫ್ರೇಮ್ ರೇಟ್, ಅದೇ ಟೈಮ್‌ಕೋಡ್. ರೆಸಲ್ಯೂಷನ್ ಮಾತ್ರ ಕಡಿಮೆ, ಫಾರ್ಮ್ಯಾಟ್ ಬೇರೆ. ಕಟ್ ಮಾಡುವಾಗ ನಕಲು ಓಡುತ್ತದೆ, ಎಕ್ಸ್‌ಪೋರ್ಟ್ ಮಾಡುವಾಗ ಒರಿಜಿನಲ್ ಹೋಗುತ್ತದೆ. ಟೈಮ್‌ಲೈನ್‌ನಲ್ಲಿ ಮಾಡಿದ ಕಟ್, ಝೂಮ್, ಕಲರ್ ಎಲ್ಲವೂ ಎರಡಕ್ಕೂ ಒಂದೇ. ಒಂದು ಸಲ ಲಿಂಕ್ ಆದ ಮೇಲೆ ಅದಲು ಬದಲು ಮಾಡುವ ಕೆಲಸ ಸಾಫ್ಟ್‌ವೇರ್‌ದು, ನಿಮ್ಮದಲ್ಲ.

ಎಸ್.ಪಿ. ರೋಡಿಗೆ ಹೋಗಿ ಹೊಸ ಎಸ್‌ಎಸ್‌ಡಿ ತಂದೆ. ಆದರೂ ನಿಂತು ನಿಂತು ಓಡುತ್ತಿದೆ. ಯಾಕೆ?

ತಪ್ಪು ಡಿಸ್ಕ್‌ದಲ್ಲ, ಅದಕ್ಕೆ. ಲೆಕ್ಕ ಹಾಕಿ ನೋಡಿ. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 12.5 ಎಂಬಿ. ಎರಡು ಕ್ಯಾಮೆರಾ ಒಟ್ಟಿಗೆ ಓಡಿಸಿದರೂ 25 ಎಂಬಿ. ಯುಎಸ್‌ಬಿ 3ರಲ್ಲಿ ಹಾಕಿದ ಸಾಮಾನ್ಯ ಹಾರ್ಡ್ ಡಿಸ್ಕ್ ಕೂಡ ಇದರ ಮೂರು ನಾಲ್ಕು ಪಟ್ಟು ಕೊಡುತ್ತದೆ. ಫೈಲ್ ಓದುವುದು ಸುಲಭ. ಓದಿದ್ದನ್ನು ಬಿಡಿಸಿ ಚಿತ್ರ ಮಾಡುವುದು ಕಷ್ಟ.

ಕ್ಯಾಮೆರಾ ಕೊಡುವ H.264 ಅಥವಾ H.265 ಫೈಲ್‌ನಲ್ಲಿ ಪ್ರತಿ ಫ್ರೇಮ್ ಪೂರ್ತಿಯಾಗಿ ಇರುವುದಿಲ್ಲ. ಆಗೊಂದು ಈಗೊಂದು ಫ್ರೇಮ್ ಮಾತ್ರ ಪೂರ್ತಿ. ಮಧ್ಯದ ಫ್ರೇಮ್‌ಗಳಲ್ಲಿ ಅಕ್ಕಪಕ್ಕದ ಚಿತ್ರಕ್ಕಿಂತ ಏನು ಬದಲಾಯಿತು ಅನ್ನುವುದು ಅಷ್ಟೇ ಇರುತ್ತದೆ. ಕಿರಾಣಿ ಅಂಗಡಿಯ ಸಾಲದ ಪುಸ್ತಕದ ಹಾಗೆ: ಹೋದ ಅಮಾವಾಸ್ಯೆಗೆ ಬಾಕಿ ಎಷ್ಟು ಅಂತ ಬರೆದಿದೆ, ಆಮೇಲೆ ಬರೀ ಕೊಟ್ಟದ್ದು ತಗೊಂಡದ್ದು. ಇವತ್ತಿನ ಬಾಕಿ ಬೇಕಾದರೆ ಹಿಂದಕ್ಕೆ ಹೋಗಿ ಕೂಡಿಸಿಕೊಂಡು ಬರಬೇಕು.

ಸುಮ್ನೆ ಪ್ಲೇ ಒತ್ತಿ ನೋಡುವಾಗ ಇದು ಅಷ್ಟಾಗಿ ಕಾಡುವುದಿಲ್ಲ. ಅದಕ್ಕೇ ಅದೇ ಕ್ಲಿಪ್ ವಿಎಲ್‌ಸಿಯಲ್ಲಿ ಚೆನ್ನಾಗಿ ಓಡುತ್ತದೆ. ಎಡಿಟರ್ ಹಾಗೆ ನೋಡುವುದಿಲ್ಲ. ಹಿಂದೆ ಎಳೆಯುತ್ತೀರಿ, ಮಧ್ಯಕ್ಕೆ ಹಾರುತ್ತೀರಿ, ಎರಡು ಫ್ರೇಮ್ ಹಿಂದೆ ಹೋಗುತ್ತೀರಿ. ಪ್ರತಿ ಸಲ ಪ್ರೊಸೆಸರ್ ಹಿಂದಿನ ಪೂರ್ತಿ ಫ್ರೇಮ್ ಹುಡುಕಿ, ಅಲ್ಲಿಂದ ಕೂಡಿಸಿಕೊಂಡು ಬರಬೇಕು, ಅದೂ 4ಕೆ ಅಳತೆಯಲ್ಲಿ. DNxHR, ProRes ಥರದ ಎಡಿಟಿಂಗ್ ಫಾರ್ಮ್ಯಾಟ್‌ಗಳಲ್ಲಿ ಪ್ರತಿ ಫ್ರೇಮ್ ತಾನೇ ಪೂರ್ತಿ ಇರುತ್ತದೆ. ಎಲ್ಲಿಗೆ ಹಾರಿದರೂ ಅಲ್ಲಿನದನ್ನು ಮಾತ್ರ ಬಿಡಿಸಿದರೆ ಸಾಕು.

ಇದನ್ನು ಕಣ್ಣಾರೆ ನೋಡಬೇಕಾ? ರಿಸಾಲ್ವ್‌ನಲ್ಲಿ ಪ್ಲೇ ಮಾಡುವಾಗ ವೀಕ್ಷಣೆ ಕಿಟಕಿಯ ಮೇಲೆ ಒಂದು ಚುಕ್ಕೆ, ಪಕ್ಕದಲ್ಲಿ ಫ್ರೇಮ್ ರೇಟ್ ಕಾಣುತ್ತದೆ. ಹಸಿರು ಇದ್ದು 25 ತೋರಿಸಿದರೆ ಸರಿ. ಕೆಂಪಾಗಿ 9, 11 ಅಂತ ಕುಣಿಯುತ್ತಿದ್ದರೆ ಟಾಸ್ಕ್ ಮ್ಯಾನೇಜರ್ ತೆಗೆಯಿರಿ. ಸಿಪಿಯು ನೂರಕ್ಕೆ ಹತ್ತಿರ, ಡಿಸ್ಕ್ ಹತ್ತು ಪರ್ಸೆಂಟ್ ಅಂತಿದ್ದರೆ ನಿಮ್ಮ ತೊಂದರೆ ಇದೇ. ಡಿಸ್ಕ್ ನೂರು ಮುಟ್ಟಿದ್ದರೆ ಮಾತ್ರ ಕೇಬಲ್ ಮತ್ತು ಪೋರ್ಟ್ ನೋಡಿ. ಡಿಸ್ಕ್ ಹಳೇ ಯುಎಸ್‌ಬಿ 2 ಪೋರ್ಟ್‌ನಲ್ಲಿ ಸಿಕ್ಕಿಕೊಂಡಿರಬಹುದು.

ನನ್ನದು ಗೇಮಿಂಗ್ ಲ್ಯಾಪ್‌ಟಾಪ್. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದೆ. ನನಗೂ ಪ್ರಾಕ್ಸಿ ಬೇಕಾ?

ಕ್ಯಾಮೆರಾದಲ್ಲಿ ಯಾವ ಸೆಟ್ಟಿಂಗ್ ಇಟ್ಟಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಈಗಿನ ಕ್ಯಾಮೆರಾಗಳಲ್ಲಿ 10 ಬಿಟ್ 4:2:2 ಅನ್ನುವ ಆಯ್ಕೆ ಇರುತ್ತದೆ. ಬಣ್ಣದ ಕೆಲಸಕ್ಕೆ ಒಳ್ಳೆಯದು ಅಂತ ಎಲ್ಲರೂ ಅದನ್ನೇ ಇಡುತ್ತಾರೆ. ಆದರೆ H.265 4:2:2 ಫೈಲ್ ಬಿಡಿಸುವ ಸರ್ಕ್ಯೂಟ್ ಎನ್‌ವಿಡಿಯಾ ಕಾರ್ಡ್‌ಗಳಿಗೆ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅದಕ್ಕಿಂತ ಹಿಂದಿನ ಕಾರ್ಡ್ ಎಷ್ಟೇ ದುಬಾರಿಯಾದರೂ ಈ ಫೈಲ್ ಬಂದರೆ ಕೈ ಕಟ್ಟಿ ಕೂರುತ್ತದೆ, ಹೊರೆ ಪೂರ್ತಿ ಪ್ರೊಸೆಸರ್ ಮೇಲೆ ಬೀಳುತ್ತದೆ. ಇಂಟೆಲ್‌ನ ಹನ್ನೊಂದನೇ ಜನರೇಷನ್ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಒಳಗಿನ ಸಾಧಾರಣ ಗ್ರಾಫಿಕ್ಸ್‌ಗೆ ಆ ಕೆಲಸ ಗೊತ್ತಿತ್ತು. ಅದಕ್ಕೇ ಗೆಳೆಯನ ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ನಲ್ಲಿ ಓಡಿದ ಕ್ಲಿಪ್ ನಿಮ್ಮದರಲ್ಲಿ ಓಡದೆ ಇರಬಹುದು.

ಒಂದು ಮಾತು. ಕ್ಲಿಪ್ ಹಾಕಿದರೆ ಧ್ವನಿ ಮಾತ್ರ ಬಂದು ಚಿತ್ರವೇ ಬರದಿದ್ದರೆ ಅದು ವೇಗದ ತೊಂದರೆ ಅಲ್ಲ. ನಿಮ್ಮ ಸಾಫ್ಟ್‌ವೇರ್‌ಗೆ ಆ ಫಾರ್ಮ್ಯಾಟ್ ಓದಲು ಬರುತ್ತಿಲ್ಲ. ಆಗ ಅದೇ ಸಾಫ್ಟ್‌ವೇರ್‌ನಲ್ಲಿ ಪ್ರಾಕ್ಸಿ ಮಾಡಲೂ ಆಗುವುದಿಲ್ಲ.

ಯಾವ ಫಾರ್ಮ್ಯಾಟ್, ಯಾವ ಸೈಜ್? ಜಾಗ ಎಷ್ಟು ಬೇಕು?

ವಿಂಡೋಸ್‌ನಲ್ಲಿ ಕಣ್ಣು ಮುಚ್ಚಿ DNxHR LB ಆರಿಸಿ, ರೆಸಲ್ಯೂಷನ್ Half ಇಡಿ. 4ಕೆಯ ಅರ್ಧ ಅಂದರೆ 1920×1080. ಮ್ಯಾಕ್ ಇದ್ದರೆ ProRes 422 Proxy. ಎರಡೂ ಹೆಚ್ಚು ಕಡಿಮೆ ಒಂದೇ ತೂಕ.

ನಮ್ಮ ಮದುವೆಯ ಲೆಕ್ಕ: ಒರಿಜಿನಲ್ ಗಂಟೆಗೆ 45 ಜಿಬಿ, ಮೂರು ಗಂಟೆಗೆ 135 ಜಿಬಿ. 1080ರಲ್ಲಿ DNxHR LB ಸುಮಾರು 36 ಎಂಬಿಪಿಎಸ್, ಅಂದರೆ ಗಂಟೆಗೆ 16 ಜಿಬಿ ಆಸುಪಾಸು. ಮೂರು ಗಂಟೆಗೆ 50 ಜಿಬಿ ಖಾಲಿ ಇಟ್ಟುಕೊಂಡರೆ ಸಾಕು. ಅಷ್ಟೂ ಜಾಗ ಇಲ್ಲ ಅಂದರೆ Quarter ಇಡಿ, ಹೆಚ್ಚು ಕಡಿಮೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಟ್ ಮಾಡಲು ಅದೂ ನಡೆಯುತ್ತದೆ. ಆದರೆ ಛತ್ರದ ಗುಂಪಿನಲ್ಲಿ ಯಾರ ಮುಖ ಎಲ್ಲಿದೆ ಅಂತ ಹುಡುಕುವಾಗ ಕಣ್ಣು ನೋಯುತ್ತದೆ.

H.264 ಪ್ರಾಕ್ಸಿಯೂ ಮಾಡಬಹುದು. ಜಾಗ ಇನ್ನೂ ಕಡಿಮೆ ಹಿಡಿಯುತ್ತದೆ, ಇಂಟರ್ನೆಟ್‌ನಲ್ಲಿ ಕಳಿಸಲು ಅದೇ ಒಳ್ಳೆಯದು. ಆದರೆ ಹಿಂದಕ್ಕೆ ಹೋಗಿ ಕೂಡಿಸುವ ಅದೇ ಹಳೇ ಗುಣ ಅದರಲ್ಲಿ ಉಳಿದೇ ಇರುತ್ತದೆ. ತೀರಾ ಹಳೇ ಲ್ಯಾಪ್‌ಟಾಪ್‌ಗೆ ನಾನು ಹೇಳುವುದು DNxHR.

ರಿಸಾಲ್ವ್‌ನಲ್ಲಿ ಮಾಡುವುದು ಹೇಗೆ?

ಮೊದಲು ಟೈಮ್‌ಲೈನ್ ಫ್ರೇಮ್ ರೇಟ್ 25 ಇದೆಯಾ ನೋಡಿ. ಕ್ಲಿಪ್‌ಗಳನ್ನು ಮೀಡಿಯಾ ಪೂಲ್‌ಗೆ ಹಾಕಿದ ಮೇಲೆ ಇದನ್ನು ಬದಲಿಸಲು ಬಿಡುವುದಿಲ್ಲ.

ಆಮೇಲೆ Project Settings ತೆಗೆದು Master Settings ಒಳಗೆ ಕೆಳಗೆ ಇಳಿಯಿರಿ. Optimized Media and Render Cache ಅನ್ನುವ ಭಾಗ ಸಿಗುತ್ತದೆ. ಅಲ್ಲಿ ಪ್ರಾಕ್ಸಿ ರೆಸಲ್ಯೂಷನ್‌ಗೆ Half, ಫಾರ್ಮ್ಯಾಟ್‌ಗೆ DNxHR LB. ಇನ್ನೂ ಕೆಳಗೆ Working Folders ಇದೆ. ಪ್ರಾಕ್ಸಿ ಎಲ್ಲಿ ಕೂರಬೇಕು ಅನ್ನುವುದನ್ನು ಅಲ್ಲಿ ಹೇಳಬೇಕು. ಇದನ್ನು ಜನ ನೋಡುವುದೇ ಇಲ್ಲ. ನೋಡದೆ ಬಿಟ್ಟರೆ ಪ್ರಾಕ್ಸಿ ಸಾಮಾನ್ಯವಾಗಿ ಸಿ ಡ್ರೈವ್‌ಗೆ ಹೋಗುತ್ತದೆ, ಬೆಳಿಗ್ಗೆ ಎದ್ದರೆ ವಿಂಡೋಸ್ ಜಾಗ ಇಲ್ಲ ಅಂತ ಕೂಗುತ್ತಿರುತ್ತದೆ. ಹೊರಗಿನ ಎಸ್‌ಎಸ್‌ಡಿಯ ಒಂದು ಫೋಲ್ಡರ್ ಆರಿಸಿ.

ಈಗ ಮೀಡಿಯಾ ಪೂಲ್‌ನಲ್ಲಿ ಒಂದೇ ಒಂದು ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ, `Generate Proxy Media` ಒತ್ತಿ. ಅದು ಮುಗಿದ ಮೇಲೆ ಮೇಲಿನ Playback ಮೆನುವಿನಲ್ಲಿ Proxy Handling ಒಳಗೆ `Prefer Proxies` ಇದೆಯಾ ನೋಡಿ. ಕ್ಲಿಪ್ ಓಡಿಸಿ, ಎಳೆದಾಡಿ. ಚುಕ್ಕೆ ಹಸಿರಾಗಿ 25 ನಿಂತರೆ ಸೆಟ್ಟಿಂಗ್ ಸರಿ ಇದೆ. ಆಗ ಉಳಿದ ಎಲ್ಲವನ್ನೂ ಆರಿಸಿ ಅದೇ ಕೆಲಸ ಕೊಡಿ.

ಪ್ರತಿ ಶೂಟ್‌ಗೂ ಇದನ್ನು ಕೈಯಾರೆ ಮಾಡಲು ಬೇಜಾರಾದರೆ ರಿಸಾಲ್ವ್ 18ರಿಂದ `Blackmagic Proxy Generator` ಅನ್ನುವ ಸಣ್ಣ ಆಪ್ ಜೊತೆಗೇ ಬರುತ್ತದೆ. ಫೋಲ್ಡರ್ ತೋರಿಸಿದರೆ ಒರಿಜಿನಲ್‌ಗಳ ಪಕ್ಕದಲ್ಲೇ Proxy ಅನ್ನುವ ಫೋಲ್ಡರ್ ಮಾಡಿ ತುಂಬುತ್ತಾ ಹೋಗುತ್ತದೆ. ಆಮೇಲೆ ಕ್ಲಿಪ್ ಇಂಪೋರ್ಟ್ ಮಾಡಿದರೆ ರಿಸಾಲ್ವ್ ತಾನೇ ಜೋಡಿಸಿಕೊಳ್ಳುತ್ತದೆ.

ಎಷ್ಟು ಹೊತ್ತು ಹಿಡಿಯುತ್ತದೆ? ಮಧ್ಯದಲ್ಲಿ ಕರೆಂಟ್ ಹೋದರೆ?

ಆ ಮೊದಲ ಒಂದು ಕ್ಲಿಪ್ ಮಾಡುವಾಗ ಗಡಿಯಾರ ನೋಡಿಕೊಳ್ಳಿ. ಒಂದು ನಿಮಿಷದ ಕ್ಲಿಪ್‌ಗೆ ಎರಡು ನಿಮಿಷ ಹಿಡಿದರೆ ಮೂರು ಗಂಟೆ ಫುಟೇಜ್‌ಗೆ ಆರು ಗಂಟೆ. ರಾತ್ರಿ ಊಟ ಮುಗಿಸಿ ಹಚ್ಚಿ ಮಲಗಿ. ಚಾರ್ಜರ್ ಹಾಕಿರಿ, ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ `Never` ಮಾಡಿ. ಲ್ಯಾಪ್‌ಟಾಪ್ ಹಾಸಿಗೆ ಮೇಲೆ ಬೇಡ. ಕೆಳಗಿನ ಗಾಳಿ ಕಿಂಡಿ ಮುಚ್ಚಿದರೆ ಬಿಸಿಯಾಗಿ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಆರು ಗಂಟೆ ಕೆಲಸ ಎಂಟು ಒಂಬತ್ತಕ್ಕೆ ಎಳೆಯುತ್ತದೆ.

ಬೆಸ್ಕಾಂ ಕೈ ಕೊಟ್ಟು ಬ್ಯಾಟರಿಯೂ ಮುಗಿದರೆ ಎಲ್ಲ ಹೋಯಿತು ಅಂದುಕೊಳ್ಳಬೇಡಿ. ಪ್ರತಿ ಕ್ಲಿಪ್‌ಗೆ ಒಂದೊಂದು ಪ್ರಾಕ್ಸಿ ಫೈಲ್, ಮುಗಿದವು ಮುಗಿದ ಹಾಗೇ ಇರುತ್ತವೆ. ಅರ್ಧಕ್ಕೆ ನಿಂತ ಒಂದನ್ನು ಅಳಿಸಿ, ಉಳಿದವಕ್ಕೆ ಮತ್ತೆ ಕೊಡಿ. ಯಾವುದು ಅರ್ಧ ಅಂತ ಗೊತ್ತಾಗಲು ಫೋಲ್ಡರ್ ಅನ್ನು ಸಮಯದ ಪ್ರಕಾರ ಜೋಡಿಸಿ, ಕೊನೆಯದೇ ಅದು.

ಪ್ರಾಕ್ಸಿ ಓಡುತ್ತಿದೆಯೋ ಒರಿಜಿನಲ್ಲೋ, ಗೊತ್ತಾಗುವುದು ಹೇಗೆ?

ಮೀಡಿಯಾ ಪೂಲ್ ಅನ್ನು ಪಟ್ಟಿಯ ರೂಪದಲ್ಲಿ ನೋಡಿ. Proxy ಅನ್ನುವ ಕಾಲಮ್‌ನಲ್ಲಿ ಯಾವ ಕ್ಲಿಪ್‌ಗೆ ಪ್ರಾಕ್ಸಿ ಇದೆ, ಯಾವುದಕ್ಕೆ ಇಲ್ಲ ಅಂತ ಕಾಣುತ್ತದೆ. ಕಾಲಮ್ ಕಾಣದಿದ್ದರೆ ಕಾಲಮ್ ಹೆಸರುಗಳ ಮೇಲೆ ರೈಟ್ ಕ್ಲಿಕ್ ಮಾಡಿ ಟಿಕ್ ಹಾಕಿ. ನೂರಾರು ಕ್ಲಿಪ್ ಇದ್ದಾಗ ಒಂದೆರಡು ತಪ್ಪಿಹೋಗಿರುತ್ತವೆ, ಟೈಮ್‌ಲೈನ್ ಆ ಜಾಗಕ್ಕೆ ಬಂದಾಗ ಮಾತ್ರ ತಡವರಿಸುತ್ತದೆ.

ಎರಡೂ ಕ್ಯಾಮೆರಾದಲ್ಲಿ C0001.MP4 ಅಂತಲೇ ಇದೆ. ತೊಂದರೆನಾ?

ದೊಡ್ಡ ತೊಂದರೆ. ಸಾಫ್ಟ್‌ವೇರ್ ಒರಿಜಿನಲ್‌ಗೆ ಪ್ರಾಕ್ಸಿ ಜೋಡಿಸುವುದು ಮುಖ್ಯವಾಗಿ ಹೆಸರು ಮತ್ತು ಟೈಮ್‌ಕೋಡ್ ನೋಡಿ. ಎರಡೂ ಕ್ಯಾಮೆರಾ ಕಾರ್ಡ್ ಫಾರ್ಮ್ಯಾಟ್ ಮಾಡಿ ಶುರು ಮಾಡಿದ್ದರೆ ಹೆಸರೂ ಒಂದೇ, ಟೈಮ್‌ಕೋಡ್ ಕೂಡ ಸೊನ್ನೆಯಿಂದಲೇ ಇರಬಹುದು. ಆಗ ಮಂಟಪದ ಕ್ಲಿಪ್‌ಗೆ ಊಟದ ಹಾಲ್‌ನ ಪ್ರಾಕ್ಸಿ ಅಂಟಿಕೊಳ್ಳುತ್ತದೆ. ನೀವು ಎಲೆ ಮೇಲೆ ಪಾಯಸ ಬಡಿಸುವುದನ್ನು ನೋಡಿ ಕಟ್ ಮಾಡುತ್ತೀರಿ, ಎಕ್ಸ್‌ಪೋರ್ಟ್‌ನಲ್ಲಿ ಧಾರೆ ಬರುತ್ತದೆ.

ಕಾಪಿ ಮಾಡುವಾಗಲೇ ಬೇರೆ ಬೇರೆ ಫೋಲ್ಡರ್‌ಗೆ ಹಾಕಿ, ಹೆಸರು ಬದಲಿಸಿ: `A_C0001.MP4`, `B_C0001.MP4`. ಇಂಪೋರ್ಟ್‌ಗಿಂತ ಮೊದಲು, ಪ್ರಾಕ್ಸಿಗಿಂತ ಮೊದಲು. ಪ್ರಾಕ್ಸಿ ಆದ ಮೇಲೆ ಹೆಸರು ಬದಲಿಸಿದರೆ ಲಿಂಕ್ ಕಡಿಯುತ್ತದೆ. ಎಷ್ಟೋ ಕ್ಯಾಮೆರಾಗಳಲ್ಲಿ ಫೈಲ್ ಹೆಸರಿನ ಮುಂದೆ ಬರುವ ಅಕ್ಷರ ಬದಲಿಸುವ ಸೆಟ್ಟಿಂಗ್ ಇರುತ್ತದೆ, ಶೂಟ್‌ಗೆ ಹೋಗುವ ಮೊದಲೇ ಮಾಡಿಟ್ಟರೆ ಈ ಗೋಳೇ ಇಲ್ಲ.

ಸಂಬಂಧಿಕರು ಮೊಬೈಲ್‌ನಲ್ಲಿ ತೆಗೆದ ಕ್ಲಿಪ್ ಕೊಟ್ಟಿದ್ದಾರೆ. ಅದರ ಪ್ರಾಕ್ಸಿಯಲ್ಲಿ ಮಾತು ಮುಂದೆ ಹಿಂದೆ ಆಗುತ್ತಿದೆ.

ಮೊಬೈಲ್ 30 ಅಂತ ಹೇಳಿದರೂ ಸೆಕೆಂಡಿಗೆ ಸರಿಯಾಗಿ 30 ಫ್ರೇಮ್ ತೆಗೆಯುವುದಿಲ್ಲ. ಬೆಳಕು, ಬಿಸಿ ನೋಡಿಕೊಂಡು ಒಮ್ಮೆ 28, ಒಮ್ಮೆ 30. ಇಂಥ ಫೈಲ್‌ನಲ್ಲಿ ಒರಿಜಿನಲ್‌ನ ಐನೂರನೇ ಫ್ರೇಮೂ ಪ್ರಾಕ್ಸಿಯ ಐನೂರನೇ ಫ್ರೇಮೂ ಒಂದೇ ಕ್ಷಣದ್ದಾಗಿರಬೇಕು ಅಂತೇನಿಲ್ಲ.

ಪರೀಕ್ಷೆ ಸುಲಭ. ಕ್ಲಿಪ್‌ನ ಕೊನೆ ಕಡೆ ಅಕ್ಷತೆ ಎಸೆಯುವ ಕೈ ಮೇಲೆದ್ದ ಫ್ರೇಮ್‌ನಲ್ಲಿ ನಿಲ್ಲಿಸಿ. Proxy Handling ಅನ್ನು `Disable All Proxies` ಮಾಡಿ, ಮತ್ತೆ `Prefer Proxies` ಮಾಡಿ. ಕೈ ಇದ್ದಲ್ಲೇ ಇದ್ದರೆ ಸರಿ. ಜಿಗಿದರೆ ಆ ಕ್ಲಿಪ್ ಅನ್ನು ಮೊದಲು ಒಂದೇ ಫ್ರೇಮ್ ರೇಟ್‌ಗೆ ತಂದು, ಹೊಸ ಫೈಲನ್ನೇ ಒರಿಜಿನಲ್ ಅಂತ ಇಂಪೋರ್ಟ್ ಮಾಡಿ. ಎಫ್‌ಎಫ್‌ಎಂಪೆಗ್ ಇದ್ದರೆ ಒಂದೇ ಸಾಲು:

```
ffmpeg -i mobile.mp4 -vf fps=30 -c:v libx264 -crf 16 -c:a aac -b:a 256k mobile_cfr.mp4
```

ಕ್ಯಾಮೆರಾ ಫೈಲ್‌ಗಳಿಗೆ ಇದು ಬೇಕಾಗಿಲ್ಲ.

ಪ್ರಾಕ್ಸಿ ಮೇಲೆ ಕಲರ್, ಫೋಕಸ್ ನೋಡಬಹುದಾ?

ಕಟ್ ಮಾಡುವುದು, ಓಲಗದ ಸದ್ದಿಗೆ ಎರಡು ಕ್ಯಾಮೆರಾ ಹೊಂದಿಸುವುದು, ಹಾಡಿಗೆ ತಾಳ ಕೂರಿಸುವುದು, ಟೈಟಲ್ ಹಾಕುವುದು ಎಲ್ಲ ಪ್ರಾಕ್ಸಿ ಮೇಲೇ ಮಾಡಿ. ಫೋಕಸ್ ಮಾತ್ರ ನಂಬಬೇಡಿ. 4ಕೆಯಲ್ಲಿ ಮದುಮಗಳ ಕಣ್ಣು ಸ್ವಲ್ಪ ಮಸುಕಾಗಿದ್ದು ಹಿಂದಿನ ಮಂಟಪದ ಹೂವು ಚೂಪಾಗಿದ್ದರೂ, ಅರ್ಧಕ್ಕೆ ಇಳಿಸಿದಾಗ ಎರಡೂ ಚೂಪಾಗೇ ಕಾಣುತ್ತವೆ. ಮುಖ್ಯವಾದ ಶಾಟ್‌ಗಳನ್ನು ಆರಿಸುವಾಗ ಪ್ರಾಕ್ಸಿ ಆಫ್ ಮಾಡಿ, ಒಂದು ಫ್ರೇಮ್ ನಿಲ್ಲಿಸಿ ನೋಡಿ. ನಿಂತ ಫ್ರೇಮ್ ತೋರಿಸಲು ಹಳೇ ಲ್ಯಾಪ್‌ಟಾಪ್‌ಗೂ ಕಷ್ಟ ಇಲ್ಲ.

ಕತ್ತಲಲ್ಲಿ ತೆಗೆದ ರಿಸೆಪ್ಷನ್‌ನ ಗ್ರೇನ್ ಕೂಡ ಪ್ರಾಕ್ಸಿಯಲ್ಲಿ ಅಡಗಿಬಿಡುತ್ತದೆ. ಕೊನೆಯ ಕಲರ್ ಕೆಲಸವನ್ನು ಒರಿಜಿನಲ್ ಮೇಲೇ ಮಾಡಿ. DNxHR LB 8 ಬಿಟ್ ಫಾರ್ಮ್ಯಾಟ್. ನೀವು ಎಸ್-ಲಾಗ್‌ನಲ್ಲಿ 10 ಬಿಟ್ ತೆಗೆದಿದ್ದರೆ, ಪ್ರಾಕ್ಸಿ ಮೇಲೆ ಬಣ್ಣ ಎಳೆದಾಗ ಗೋಡೆ ಮೇಲೆ ಪಟ್ಟೆ ಪಟ್ಟೆ ಕಾಣಬಹುದು. ಅದು ಒರಿಜಿನಲ್‌ನಲ್ಲಿ ಇರುವುದಿಲ್ಲ, ಗಾಬರಿ ಬೇಡ.

ಪ್ರಾಕ್ಸಿ ಮಾಡಿದೆ, ಆದರೂ ಒಂದು ಕಡೆ ಮಾತ್ರ ಸಿಕ್ಕಿಕೊಳ್ಳುತ್ತದೆ.

ಅಲ್ಲಿ ಎಫೆಕ್ಟ್ ಇದೆ ಅಲ್ವಾ? ಪ್ರಾಕ್ಸಿ ಇಳಿಸುವುದು ಫೈಲ್ ಬಿಡಿಸುವ ಹೊರೆಯನ್ನು ಮಾತ್ರ. ಹಾರಾಡುವ ಫ್ಯೂಷನ್ ಟೈಟಲ್, ನಾಯ್ಸ್ ರಿಡಕ್ಷನ್, ಬ್ಲರ್ ಇವನ್ನು ಟೈಮ್‌ಲೈನ್‌ನಲ್ಲೇ ಲೆಕ್ಕ ಹಾಕಬೇಕು. ಅದಕ್ಕೆ ಮದ್ದು ಬೇರೆ: Playback ಮೆನುವಿನಲ್ಲಿ Render Cache ಅನ್ನು `Smart` ಮಾಡಿ, ಎದ್ದು ಒಂದು ಕಾಫಿ ಕುಡಿದು ಬನ್ನಿ. ಮೇಲಿನ ಕೆಂಪು ಗೆರೆ ನೀಲಿ ಆಗಿರುತ್ತದೆ, ಅಲ್ಲಿಗೆ ಸರಿಹೋಯಿತು. ಟೈಮ್‌ಲೈನ್ ರೆಸಲ್ಯೂಷನ್ ಅನ್ನು ಎಡಿಟ್ ಮುಗಿಯುವ ತನಕ 1080ಕ್ಕೆ ಇಳಿಸಿಟ್ಟರೂ ಎಫೆಕ್ಟ್‌ಗಳ ಹೊರೆ ತಗ್ಗುತ್ತದೆ.

ಎಕ್ಸ್‌ಪೋರ್ಟ್ ಆಗಿದ್ದು ಮಸುಕಾಗಿದೆ. ಪ್ರಾಕ್ಸಿಯೇ ಹೋಯಿತಾ?

ರಿಸಾಲ್ವ್ ತಾನಾಗಿ ಒರಿಜಿನಲ್ಲನ್ನೇ ತೆಗೆದುಕೊಳ್ಳುತ್ತದೆ. ಆದರೆ ಡೆಲಿವರ್ ಪೇಜ್‌ನ Advanced Settings ಒಳಗೆ `Use Proxy Media` ಅನ್ನುವ ಟಿಕ್ ಇದೆ. ಗ್ರಾಹಕರಿಗೆ ಬೇಗ ಒಂದು ಡ್ರಾಫ್ಟ್ ತೋರಿಸಲು ಅದನ್ನು ಹಾಕಿದ್ದು, ಕೊನೆಯ ಪ್ರತಿ ತೆಗೆಯುವಾಗ ತೆಗೆಯದೆ ಬಿಡುವುದೇ ಹೆಚ್ಚಿನ ಸಲ ಆಗುವುದು. 1080ಕ್ಕೆ ಇಳಿಸಿದ ಟೈಮ್‌ಲೈನ್ ಅನ್ನು 4ಕೆಗೆ ಏರಿಸದೆ ಬಿಟ್ಟರೂ ಹೀಗೇ ಆಗುತ್ತದೆ.

ಪತ್ತೆ ಹಚ್ಚಲು ಸೀರೆಯ ಜರಿ ಅಂಚು ನೋಡಿ. ರೇಷ್ಮೆ ಸೀರೆ ಹತ್ತಿರದಿಂದ ಬರುವ ಒಂದು ಶಾಟ್‌ನಲ್ಲಿ ವಿಡಿಯೋ ನಿಲ್ಲಿಸಿ, ಪೂರ್ತಿ ಅಳತೆಗೆ ಹಿಗ್ಗಿಸಿ. ಒರಿಜಿನಲ್ ಆದರೆ ಜರಿಯ ಎಳೆ ಎಳೆ ಬಿಡಿಯಾಗಿ ಕಾಣುತ್ತದೆ. ಪ್ರಾಕ್ಸಿ ಆದರೆ ಎಳೆಗಳು ಕೂಡಿ ಹಳದಿ ಪಟ್ಟಿಯಾಗಿರುತ್ತವೆ.

ಒರಿಜಿನಲ್ ಡಿಸ್ಕ್ ಮಲ್ಲೇಶ್ವರದ ಸ್ಟುಡಿಯೋದಲ್ಲಿದೆ. ಪ್ರಾಕ್ಸಿ ಮಾತ್ರ ಮನೆಗೆ ತಂದು ಎಡಿಟ್ ಮಾಡಬಹುದಾ?

ಮಾಡಬಹುದು. 50 ಜಿಬಿ ಸಣ್ಣ ಎಸ್‌ಎಸ್‌ಡಿಯಲ್ಲಿ ಜೇಬಿಗೆ ಹಾಕಿಕೊಂಡು ಮೆಟ್ರೋ ಹತ್ತಿ. ಸ್ಟುಡಿಯೋದ ಕಂಪ್ಯೂಟರ್‌ನಲ್ಲೇ ಪ್ರಾಜೆಕ್ಟ್ ಮಾಡಿ, ಪ್ರಾಕ್ಸಿ ಜೋಡಿಸಿ, `.drp` ಫೈಲ್ ಆಗಿ ತೆಗೆದುಕೊಂಡು ಹೋಗಿ. ಮನೆಯಲ್ಲಿ ಎಡಿಟ್ ಮುಗಿಸಿ ಪ್ರಾಜೆಕ್ಟನ್ನು ಮತ್ತೆ ಹೊಸ `.drp` ಆಗಿ ತೆಗೆದು ವಾಪಸ್ ತಂದು, ಎಕ್ಸ್‌ಪೋರ್ಟ್ ಸ್ಟುಡಿಯೋದಲ್ಲಿ. ಎರಡೂ ಕಡೆ ರಿಸಾಲ್ವ್ ವರ್ಷನ್ ಒಂದೇ ಇರಲಿ. ಹೊಸ ವರ್ಷನ್‌ನಲ್ಲಿ ಸೇವ್ ಮಾಡಿದ ಪ್ರಾಜೆಕ್ಟ್ ಹಳೇದರಲ್ಲಿ ತೆರೆಯುವುದಿಲ್ಲ, ಶನಿವಾರ ಸಂಜೆ ಅಪ್‌ಡೇಟ್ ಒತ್ತುವ ಹುಮ್ಮಸ್ಸು ಬೇಡ. ಎಕ್ಸ್‌ಪೋರ್ಟ್‌ಗೆ ಮೊದಲು `Disable All Proxies` ಮಾಡಿ ಟೈಮ್‌ಲೈನ್ ಒಮ್ಮೆ ಓಡಿಸಿ. ಎಲ್ಲಾದರೂ ಕೆಂಪಗೆ Media Offline ಅಂದರೆ ಆ ಕ್ಲಿಪ್‌ನ ಒರಿಜಿನಲ್ ಸಿಕ್ಕಿಲ್ಲ ಅಂತ ಅರ್ಥ.

ಪ್ರೀಮಿಯರ್‌ನಲ್ಲಿ?

ವಿಚಾರ ಅದೇ. ಪ್ರಾಜೆಕ್ಟ್ ಪ್ಯಾನೆಲ್‌ನಲ್ಲಿ ಕ್ಲಿಪ್ ಮೇಲೆ ರೈಟ್ ಕ್ಲಿಕ್, Proxy, `Create Proxies`. ಮೀಡಿಯಾ ಎನ್‌ಕೋಡರ್ ತೆರೆದುಕೊಂಡು ಮಾಡಿಕೊಡುತ್ತದೆ. ಪ್ರೋಗ್ರಾಂ ಮಾನಿಟರ್ ಕೆಳಗೆ `Toggle Proxies` ಬಟನ್ ತಂದಿಟ್ಟುಕೊಳ್ಳಿ. ಬೇರೆ ಕಡೆ ಮಾಡಿದ ಪ್ರಾಕ್ಸಿಯನ್ನು ಅಂಟಿಸಲು ಹೋದಾಗ ಒಪ್ಪದೆ ಹಟ ಮಾಡಿದರೆ ಮೊದಲು ಆಡಿಯೋ ಚಾನೆಲ್ ಎಣಿಸಿ. ಒರಿಜಿನಲ್‌ನಲ್ಲಿ ನಾಲ್ಕು ಚಾನೆಲ್ ಇದ್ದು ಪ್ರಾಕ್ಸಿಯಲ್ಲಿ ಎರಡೇ ಇದ್ದರೆ ಅದು ತೆಗೆದುಕೊಳ್ಳುವುದಿಲ್ಲ.

ಕೆಲಸ ಮುಗಿದ ಮೇಲೆ ಪ್ರಾಕ್ಸಿ ಅಳಿಸಬಹುದಾ?

ಅಳಿಸಿ. ಒರಿಜಿನಲ್ ಇದ್ದರೆ ಯಾವಾಗ ಬೇಕಾದರೂ ಮತ್ತೆ ಮಾಡಬಹುದು. ಆದರೆ ಮದುವೆ ಮನೆಯವರು ಒಪ್ಪಿ ಬಾಕಿ ಹಣ ಕೊಡುವ ತನಕ ಇರಲಿ, ಅತ್ತೆ ಕಡೆಯವರ ಶಾಟ್ ಕಡಿಮೆ ಆಯಿತು ಅಂತ ಫೋನ್ ಬಂದೇ ಬರುತ್ತದೆ. ಅಳಿಸುವ ಮೊದಲು ಫೋಲ್ಡರ್ ಹೆಸರು ಎರಡು ಸಲ ಓದಿ. ಪ್ರಾಕ್ಸಿ ಫೈಲ್‌ಗಳು DNxHR ಆದರೆ `.mov`, ಕ್ಯಾಮೆರಾದವು `.MP4`.